ಶಿವನಂಜಮ್ಮನವರ ಬೀರುಗಳು

‘ಸದ್ದು ಮಾಡಬೇಡಿ’ ಎನ್ನುವ ಕೆಲಸವೇ ಸಿಕ್ಕಿದ್ದು, ತಾನು ಬಾಯಿ ತೆರೆಯದಿರುವುದಕ್ಕೆ ಒಂದು ನೆಪವಾಗಿಬಿಟ್ಟಿತೇ? ನಂಜನಗೂಡಿನಿಂದ ನರಸೀಪುರಕ್ಕೆ ಬರುವ ಬಸ್ಸಿನಲ್ಲಿ ಪಲ್ಲವಿ ತನ್ನನ್ನೇ ಕೇಳಿಕೊಂಡಳು. ಹೈಸ್ಕೂಲಿನ ಲೈಬ್ರರಿ ಅವಳ ಕೈಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಕೋಣೆಯನ್ನು ಜೋಡಿಸಿದ್ದು ಅವಳೇ. ಮಾತಾಡುತ್ತ ಪೇಪರ್ ಓದುವವರಿಗೆ ಬಾಗಿಲ ಹತ್ತಿರದ ಮೇಜು. ನಡುವೆ ಸೊಂಟದೆತ್ತರದ ಕಪಾಟುಗಳು. ಅವುಗಳ ಮೇಲಿಂದ ಬೆಳಕು ಹಾಯುತ್ತಿತ್ತು. ತೀರಾ ಒಳಗೆ, ಬಡಗಣ ಕಿಟಕಿಗಳ ಕೆಳಗೆ, ಮೌನದ ಮೇಜು. ಬಡಗಣ ಬೆಳಕು ಕಣ್ಣಿಗೆ ಚುಚ್ಚದು, ಸಂಜೆಯವರೆಗೂ ಒಂದೇ ಸಮ. ಎಂಟನೇ ಕ್ಲಾಸಿನ ಕವನ ಊಟದ ಬೆಲ್ ಆದರೂ ಅಲ್ಲಿಂದ ಏಳುತ್ತಿರಲಿಲ್ಲ.

ಹೋದ ವಾರ ಊರಿನ ಹಿರಿಯ ರಾಚಯ್ಯನವರು ತೀರಿಹೋದ ಹೆಂಡತಿಯ ನೆನಪಿಗೆಂದು ಎತ್ತರದ ಸ್ಟೀಲ್ ಬೀರುಗಳನ್ನು ಕೊಟ್ಟಿದ್ದರು. ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರಿರುವ ಶಾಲೆ ಅದು. ಬೀರುಗಳ ಹಣೆಗೂ ಕೆಂಪಕ್ಷರದಲ್ಲಿ ‘ಶ್ರೀಮತಿ ಶಿವನಂಜಮ್ಮನವರ ಸ್ಮರಣಾರ್ಥ’ ಬಂತು. ಪಲ್ಲವಿ ಮೂಡಣ ಗೋಡೆ ತೋರಿಸಿದಳು. ಅಲ್ಲಿ ಕಿಟಕಿಯಿರಲಿಲ್ಲ.

“ಅಲ್ಲಿಟ್ರೆ ಬಾಗಿಲಿಗೆ ಬೀರುವಿನ ಪಕ್ಕೆ ಮಾತ್ರ ಕಾಣುತ್ತೆ ಕಣಮ್ಮ. ದಾನಿಗಳು ಕಾಲಿಟ್ಟ ತಕ್ಷಣ ಹೆಸರು ಕಾಣ್ಬೇಕು,” ಎಂದರು ಹೆಡ್‌ಮಾಸ್ತರ ಚೆಲುವರಾಜು. ಬೀರುಗಳು ಬಡಗಣ ಕಿಟಕಿಗಳಿಗೆ ಬೆನ್ನು ಕೊಟ್ಟು ನಿಂತವು. ಪಲ್ಲವಿ ‘ಆಗಲಿ ಸಾರ್’ ಎಂದಿದ್ದಳು. ಮಾರನೆಯ ದಿನದಿಂದ ಕವನ ಪುಸ್ತಕ ಹಿಡಿದು ಜಗುಲಿಗೆ ಹೋದಳು. ಜಗುಲಿಯಲ್ಲಿ ಖೋಖೋ ಹುಡುಗರ ಗದ್ದಲ. ಎರಡು ದಿನಕ್ಕೆ ಅವಳು ಪುಸ್ತಕ ಕೇಳುವುದನ್ನೇ ಬಿಟ್ಟಳು.

ಇವತ್ತು ರಾಚಯ್ಯ ಬೀರುಗಳನ್ನು ನೋಡಲು ಚೆಲುವರಾಜು ಜೊತೆ ಬಂದರು. ಬಾಗಿಲಲ್ಲೇ ನಿಂತು ಹೆಸರಿಗೆ ಕೈಮುಗಿದರು. ಆಮೇಲೆ ಮೆಲ್ಲಗೆ ಒಳಗೆ ಬಂದು ಮೌನದ ಮೇಜಿನ ಮುಂದೆ ಕೂತರು.

“ನಮ್ಮವ್ಳು ಅಕ್ಸರ ಕಲ್ತಿದ್ದು ಮೊಮ್ಮಕ್ಳು ಉಟ್ಟಿದ್ಮೇಲೆ ಕಣವ್ವ. ಒತ್ತಾರೆ ಬಾಗ್ಲತ್ರ ಕೂತ್ಕಂಡು ಒಂದೊಂದೇ ಕೂಡ್ಸಿ ಓದೋಳು. ನಾನು ‘ಏನಮ್ಮಿ, ಡಿಸಿ ಆಯ್ತೀಯಾ?’ ಅಂತ ಆಡ್ಕತಿದ್ದೆ.”

ನಗಲು ಹೋದವರು ಅರ್ಧದಲ್ಲೇ ನಿಲ್ಲಿಸಿ ಮೇಜಿನತ್ತ ಕೈಚಾಚಿದರು. ಪುಸ್ತಕವೊಂದನ್ನು ತೆರೆದು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಕನ್ನಡಕ ಒರೆಸಿಕೊಂಡರು.

“ಕರೆಂಟ್ ಓಗ್ಬುಟ್ಟದಾ ಸಾ?”

“ಹೌದು ಯಜಮಾನ್ರೇ, ಈಗ ಬಂದ್ಬಿಡುತ್ತೆ,” ಎಂದರು ಚೆಲುವರಾಜು, ತಡಮಾಡದೆ.

ಕರೆಂಟು ನಿಜಕ್ಕೂ ಹೋಗಿತ್ತು. ಹಾಗೆಂದು ಸುಮ್ಮನಿದ್ದುಬಿಡಬಹುದಿತ್ತು. ಪಲ್ಲವಿ ಖಾಲಿ ಕುರ್ಚಿಗಳನ್ನು ನೋಡಿದಳು. ಒಂದರ ಬೆನ್ನಿಗೆ ಕವನ ಮರೆತ ರಿಬ್ಬನ್ ಇನ್ನೂ ನೇತಾಡುತ್ತಿತ್ತು. ರಾಚಯ್ಯ ಮತ್ತೆ ಪುಟವನ್ನು ಮುಖಕ್ಕೆ ಹತ್ತಿರ ತಂದರು.

“ಕರೆಂಟ್ ಇಲ್ದಿದ್ರೂ ಇಲ್ಲಿ ಬೆಳಕಿರ್ತಿತ್ತು, ತಾತ,” ಎಂದಳು ಪಲ್ಲವಿ. “ನಿಮ್ಮ ಬೀರುಗಳು ಕಿಟಕಿಗೆ ಅಡ್ಡ ನಿಂತಿವೆ.”