ಬೆಳಕಿರುವಾಗಲೇ ಬೆಟ್ಟ

ಮೂರು ದಿನದ ರಜೆಗೆ ವಕೀಲೆ, ಟೀಚರ್ ಗೆಳತಿಯರಿಬ್ಬರನ್ನು ಕಾಫಿ ತೋಟದ ಹೋಂಸ್ಟೇಗೆ ಕರೆದೊಯ್ಯುವ ಹೊಣೆ ನರ್ಸ್ ಹೆಗಲಿಗೆ ಬಿದ್ದಿತ್ತು. ಶುಕ್ರವಾರ ಕೆಲಸ ಮುಗಿಸಿಯೇ ಹೊರಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ತೋಟದ ಒಡತಿ ಫೋನ್ ಮಾಡಿದರು. "ಸಂಜೆ ಮೇಲೆ ಇಲ್ಲಿ ಮಳೆ, ಮಂಜು. ಕತ್ತಲಲ್ಲಿ ಬೆಟ್ಟ ಹತ್ತಬೇಡಿ ಕಣ್ರೀ. ಶನಿವಾರ ನಸುಕಿಗೇ ಹೊರಡಿ."

"ಒಂದು ರಾತ್ರಿ ದಂಡ ಆಯ್ತಲ್ಲೇ!" ನರ್ಸ್ ಹೊರಡುವುದನ್ನು ಶನಿವಾರಕ್ಕೆ ಮುಂದೂಡಿದಾಗ ವಕೀಲೆ ಮುಖ ಊದಿಸಿದಳು.

ಟೀಚರ್ ಗೆಳತಿ ಮೆಲ್ಲಗೆ ಅಂದಳು, "ನಮ್ಮನೆಯವ್ರಿಗೂ ಅವತ್ತು ಯಾರಾದ್ರೂ ಹೀಗೆ ಹೇಳ್ಬೇಕಿತ್ತು."

ಅವಳ ಗಂಡ ಕಾರು ಉರುಳಿ ತೀರಿಕೊಂಡಿದ್ದೂ ಅಂಥದೇ ಮಳೆಯ ರಾತ್ರಿ, ಬೆಟ್ಟದ ತಿರುವಿನಲ್ಲಿ. ವಕೀಲೆ ಅವಳ ಕೈ ಹಿಡಿದಳು.

ಶನಿವಾರ ಊಟದ ಹೊತ್ತಿಗೇ ತೋಟ ಸೇರಿದರು. ಸಂಜೆ ಮಳೆ ಧೋ ಎಂದು ಸುರಿಯಿತು. ಟೀಚರ್ ಜಗಲಿಗೆ ಬಂದು, ಮನಸಾರೆ ಅತ್ತಳು. ನರ್ಸ್ ಸಮಾಧಾನ ಹೇಳಲು ಹೋಗದೆ ಪಕ್ಕದಲ್ಲೇ ಕುಳಿತಳು.