ಮೇಷ್ಟ್ರ ಮೇಜು ತೆಗೆದ ಮ್ಯಾಪ್

ಪ್ರೆಸ್ ಮುಚ್ಚಿದ ಮೇಲೆ ನಾವು ಮೂವರೂ ದಿಕ್ಕಿಗೊಬ್ಬರಾದೆವು. ನಾನೀಗ ಔಷಧಿ ಡಬ್ಬಿಗಳ ವಿನ್ಯಾಸ ಮಾಡುತ್ತೇನೆ. ಎಕ್ಸ್‌ಪೈರಿ ದಿನಾಂಕಕ್ಕೆ ಜಾಗ ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಪ್ರೂಫ್ ನೋಡುತ್ತಿದ್ದವರನ್ನು ಈಗಲೂ ಪ್ರೂಫ್ ಎಂದೇ ಕರೆಯುತ್ತೇವೆ. ಅವರು ನಿವೃತ್ತರಾಗಿ, ಹೆಂಡತಿಯ ಮಾತಿನಲ್ಲಿ ತಪ್ಪು ಹುಡುಕುತ್ತಾ ಮನೆಯಲ್ಲಿದ್ದಾರೆ. ಅಚ್ಚಿನ ಪ್ಲೇಟು ಮಾಡುತ್ತಿದ್ದ ಹುಡುಗ ನಮಗೆ ಪ್ಲೇಟು. ಅವನು ಯಾವುದೋ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ.

ನಾಲ್ಕನೆಯವರು ಮೇಷ್ಟ್ರು, ನಮ್ಮ ಮೇಲ್ವಿಚಾರಕರು. ಊಟದ ಬಿಡುವಿನಲ್ಲಿ ನಮಗೆಲ್ಲ ಆ ಹಳೇ ಶೂಟಿಂಗ್ ಗೇಮಿನ ಹುಚ್ಚು ಹಿಡಿಸಿದವರು ಅವರೇ. ಹೋದ ವರ್ಷ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಗೆ ಪಕ್ಕದಲ್ಲಿದ್ದವನು ಪ್ಲೇಟು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡ. ಫೋನ್ ಮಾಡಿದರೆ ಹೂಂ, ಉಹೂಂ, ಅಷ್ಟೇ.

ಅವನನ್ನು ಮತ್ತೆ ನಮ್ಮ ನಡುವೆ ಎಳೆದು ತರಬೇಕೆಂದೇ ನಾನು ಆ ಗೇಮಿಗೆ ಒಂದು ಮ್ಯಾಪ್, ಅಂದರೆ ಒಳಗೆ ಓಡಾಡಿ ಆಡುವ ಜಾಗ, ಮಾಡಲು ಕೂತದ್ದು. ಗೇಮಿನವರೇ ಕೊಟ್ಟ ಎಡಿಟರ್‌ನಲ್ಲಿ ನಮ್ಮ ಪ್ರೆಸ್ಸನ್ನು, ಮೇಷ್ಟ್ರ ಮೇಜಿನ ಸಮೇತ, ಬ್ಲಾಕ್ ಬ್ಲಾಕಾಗಿ ಕಟ್ಟಿದೆ. ಆ ಎಡಿಟರ್‌ಗೆ ನನ್ನ ಅತ್ತೆಯ ಸ್ವಭಾವ. ಗೋಡೆಗೂ ಸೂರಿಗೂ ನಡುವೆ ಎಳೆಯಷ್ಟು ಸಂದು ಬಿಟ್ಟರೂ, ಕಟ್ಟಿದ್ದನ್ನು ಆಡುವ ಫೈಲಾಗಿ ಕಂಪೈಲ್ ಮಾಡುವಾಗ 'ಲೀಕ್' ಎಂದು ರಾಗ ತೆಗೆಯುತ್ತದೆ. ಆಮೇಲೆ ಅದು ತೋರಿಸುವ ಕೆಂಪು ಗೆರೆಯ ಹಿಂದೆ ಹೋಗಿ ಸಂದು ಹುಡುಕಿ ಮುಚ್ಚಬೇಕು. ಆಫೀಸಿನಿಂದ ಬಂದು, ಬಟ್ಟೆ ಮಡಚಿ, ಉಳಿದ ಜೀವದಲ್ಲಿ ಇದನ್ನು ಮಾಡಿದೆ. ಸಾಕು ಸಾಕಾಗಿ ಹೋಯಿತು.

ಮುಗಿಸಿ ಇಬ್ಬರಿಗೂ ಕಳಿಸಿದೆ. ಪ್ಲೇಟು "ಬಂತು" ಎಂದಷ್ಟೇ ಬರೆದ. ಪ್ರೂಫ್ ಸುಮ್ಮನಿರುವ ಜೀವವಲ್ಲ. ಕ್ಯಾಲೆಂಡರ್ ಇರಬೇಕಾದ ಗೋಡೆಯಲ್ಲಿ ಗುಲಾಬಿ, ಕಪ್ಪು ಚೌಕಗಳಿವೆ ಎಂದು ಫೋನಿನಲ್ಲೇ ಹರಿಹಾಯ್ದರು. ತಪ್ಪು ನನ್ನದೇ. ಕ್ಯಾಲೆಂಡರಿನ ಚಿತ್ರ ನಾನು ಮಾಡಿದ್ದು, ನನ್ನ ಕಂಪ್ಯೂಟರ್‌ನಲ್ಲಿ ಮಾತ್ರ ಇತ್ತು. ಅದನ್ನು ಮ್ಯಾಪಿನ ಫೈಲಿನೊಳಗೆ ತುಂಬುವುದನ್ನೇ ಮರೆತಿದ್ದೆ. ಚಿತ್ರ ಸಿಗದ ಕಡೆ ಗೇಮು ಆ ಚೌಕಗಳನ್ನು ತೋರಿಸುತ್ತದೆ. ನನಗೆ ಎಲ್ಲವೂ ಸರಿಯಾಗಿ ಕಂಡದ್ದರಿಂದ ಗೊತ್ತಾಗಲಿಲ್ಲ.

ಇನ್ನೊಂದು ಮಾತನ್ನು ಅವರು ದನಿ ತಗ್ಗಿಸಿ ಹೇಳಿದರು. "ಮೇಷ್ಟ್ರ ಮೇಜು ತೆಗೆದುಬಿಡಮ್ಮ. ಅದರ ಹಿಂದೆ ಅಡಗಿ ಗುಂಡು ಹೊಡೆಯೋಕೆ ನನ್ನ ಕೈಲಾಗಲ್ಲ."

ಸರಿ ಎನಿಸಿತು. ಮೇಜು, ಕುರ್ಚಿ, ಮೇಲಿದ್ದ ಕನ್ನಡಕ ಎಲ್ಲ ಅಳಿಸಿದೆ. ಮತ್ತೆ ಕಂಪೈಲ್ ಮಾಡಿ, ಚಿತ್ರಗಳನ್ನು ಒಳಗೆ ತುಂಬಿ, ಹಳೇ ಹೆಸರಿನಲ್ಲೇ ಇಬ್ಬರಿಗೂ ಕಳಿಸಿದೆ. ಹೊಸ ಹೆಸರು ಕೊಡಬೇಕಿತ್ತು. ಅಷ್ಟು ಯೋಚಿಸುವ ತಾಳ್ಮೆ ಉಳಿದಿರಲಿಲ್ಲ. ನನ್ನಲ್ಲೂ ಪ್ರೂಫ್ ಹತ್ತಿರವೂ ಹಳೆಯದು ಅಳಿಸಿಹೋಗಿ ಅದರ ಜಾಗದಲ್ಲಿ ಹೊಸದು ಕೂತಿತು.

ಭಾನುವಾರ ಮಧ್ಯಾಹ್ನ ನನ್ನ ಕಂಪ್ಯೂಟರ್‌ನಲ್ಲಿ ಆಟ ತೆರೆದೆ. ಮೂವರೂ ಹೆಡ್‌ಫೋನ್ ಹಾಕಿಕೊಂಡು ಒಂದೇ ಕಾಲ್‌ನಲ್ಲಿದ್ದೆವು. ಪ್ರೂಫ್ ಒಳಗೆ ಬಂದರು. ಪ್ಲೇಟು ಬರಲಿಲ್ಲ. ಅವನಲ್ಲಿರುವ ಮ್ಯಾಪ್ ಬೇರೆ, ಆಟ ನಡೆಸುತ್ತಿದ್ದ ನನ್ನ ಕಂಪ್ಯೂಟರ್‌ನ ಮ್ಯಾಪ್ ಬೇರೆ ಎಂದು ಗೇಮು ಅವನನ್ನು ಹೊರಗೆ ಹಾಕುತ್ತಿತ್ತು. ಹಳೇ ಫೈಲ್ ಅಳಿಸಿ ಹೊಸದನ್ನು ಆ ಜಾಗಕ್ಕೆ ಹಾಕು, ಒಂದು ನಿಮಿಷದ ಕೆಲಸ ಎಂದೆ.

 

"ಅಳಿಸಲ್ಲ ಅಕ್ಕ," ಎಂದ ಪ್ಲೇಟು. "ಹೊಸದನ್ನ ಬೇರೆ ಕಡೆ ಇಟ್ಟು ತೆರೆದು ನೋಡಿದೆ. ಅದರಲ್ಲಿ ಮೇಜಿಲ್ಲ. ನಾನು ದಿನಾ ಗೋದಾಮಿಂದ ಬಂದು ಹಳೇದರಲ್ಲಿ ಸ್ವಲ್ಪ ಹೊತ್ತು ಇರ್ತೀನಿ. ಅವತ್ತು ಆಸ್ಪತ್ರೇಲಿ ಅವರು ಏನೋ ಹೇಳೋಕೆ ನೋಡಿದ್ರು. ನಂಗೆ ಅರ್ಥ ಆಗಲಿಲ್ಲ. ಆ ಮೇಜಿನ ಪಕ್ಕ ನಿಂತು, ಏನಿರಬಹುದು ಅಂತ ಯೋಚನೆ ಮಾಡ್ತೀನಿ. ನೀವಿಬ್ರೂ ಆಡಿ."

ಒಂದು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.  ಅವನನ್ನು ಕರೆತರಲೆಂದು ಕೋಣೆ ಕಟ್ಟಿ, ಅವನು ಬಂದು ನಿಲ್ಲುತ್ತಿದ್ದ ಜಾಗವನ್ನೇ ಕಿತ್ತು ಹಾಕಿದ್ದೆ. ಮೇಜಿರುವ ಮ್ಯಾಪ್ ಈಗ ಉಳಿದಿದ್ದು ಅವನೊಬ್ಬನ ಹತ್ತಿರ.

"ಪ್ಲೇಟು, ನಿನ್ನ ಫೈಲು ನಮಗೆ ಕಳಿಸು," ಎಂದೆ. "ಅದರಲ್ಲೇ ಆಡೋಣ."

 

ಫೈಲು ಬಂತು. ಇಬ್ಬರೂ ಹೊಸದನ್ನು ತೆಗೆದು ಅದನ್ನು ಹಾಕಿಕೊಂಡೆವು. ನಾನು ಮ್ಯಾಪ್ ಮತ್ತೆ ಲೋಡ್ ಮಾಡಿದೆ. ಮೊದಲು ಪ್ಲೇಟು ಬಂದ, ನೇರವಾಗಿ ಮೇಜಿನ ಹತ್ತಿರ ಹೋದ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಕೊನೆಗೆ ಪ್ರೂಫ್ ಬಾಗಿಲಲ್ಲಿ ಕಾಣಿಸಿಕೊಂಡರು. ಕ್ಯಾಲೆಂಡರಿನ ಗೋಡೆಯತ್ತ ತಿರುಗಿದರು.

"ಗೋಡೆ ಮೇಲೆ ಚೌಕ ಹಾಗೇ ಇದೆ," ಎಂದರು. ಬದುಕಿಡೀ ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡದ ಮನುಷ್ಯ ಆ ಗೋಡೆಗೆ ಬೆನ್ನು ಮಾಡಿದರು. "ಇರಲಿ ಬಿಡಿ."

ಆಮೇಲೆ ಅವರೂ ಮೇಜಿನ ಹತ್ತಿರ ಬಂದು ನಿಂತರು.