ಲಕ್ಷ್ಮಿಯ ಮುಂದಿನ ಮಾದರಿ

ಬ್ಯಾಡಗಿ ಪೇಟೆಯಲ್ಲಿ ಗುರುಪಾದಪ್ಪ ಸಾವ್ಕಾರರ ಕಣ್ಣಿಗೆ ಒಂದು ಹೆಸರಿತ್ತು. ಖಾರಪುಡಿ ನೋಡಿ ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಣ್ಣ ಅಳೆಯುವ ಮಷೀನು ಬಂದು ಎಂಟು ವರ್ಷವಾಗಿದ್ದರೂ ಅದನ್ನು ಅವರು ಮನೆಗೆ ಬಂದ ಬೀಗರ ಹಾಗೆ ಮರ್ಯಾದೆ ಕೊಟ್ಟು ದೂರ ಕೂರಿಸಿದ್ದರು. ಮಷೀನು ನೋಡಿಕೊಳ್ಳುವವಳು ಸುಮಂಗಲಾ. ಬಿ.ಎಸ್ಸಿ. ಓದಿದವಳು, ಮಾತಿನ ಮಲ್ಲಿ. ಮಷೀನು ತೋರಿಸುವ ಬಣ್ಣದ ಅಂಕಿ ಎರಡು ಇಳಿದರೂ ಸಾವ್ಕಾರರ ಗಾದಿಯ ಮುಂದೆ ಹೋಗಿ ನಿಂತು ಜಗಳ ತೆಗೆಯುತ್ತಿದ್ದಳು. ಇದೆಲ್ಲ ಆಕೆಯ ಗಂಡ ಬದುಕಿದ್ದಾಗಿನ ಮಾತು.

ಗಂಡ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿ. ದಸರೆಯ ಹಿಂದಿನ ದಿನ ಚೀಲ ಎಣಿಸುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕೂತ, ಮತ್ತೆ ಏಳಲಿಲ್ಲ. ಸುಮಂಗಲಾ ಮೊದಲ ವಾರ ಅತ್ತಳು. ಆಮೇಲೆ ಅಳುವೂ ನಿಂತು ಹೋಯಿತು, ಉಳಿದದ್ದೂ ನಿಂತು ಹೋಯಿತು. ಸಾರಿಗೆ ಉಪ್ಪು ಹಾಕಿದರೆ ಹಾಕಿದಳು, ಮರೆತರೆ ಮರೆತಳು. ಅತ್ತೆ ಬೈದರೂ ಕೇಳುತ್ತಿತ್ತು, ತಟ್ಟುತ್ತಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಕೆಲಸಕ್ಕೆ ಬಂದಳು. ಮಾಡುವ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಚಿಟಿಕೆ ಪುಡಿ ತೂಗಿ, ಅಸಿಟೋನಿನಲ್ಲಿ ಕಲಕಿ, ಗಾಜಿನ ಬುಡ್ಡಿಯನ್ನು ರಾತ್ರಿಯಿಡೀ ಕತ್ತಲೆ ಕಪಾಟಿನಲ್ಲಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಮಷೀನಿಗೆ ಕೊಟ್ಟು, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಸಾವ್ಕಾರರ ಮೇಜಿನ ಮೊಳೆಗೆ ಚುಚ್ಚಿ ಬರುತ್ತಿದ್ದಳು. ಅಷ್ಟೇ. ಜಗಳ ಇಲ್ಲ, ಮಾತಿಲ್ಲ. ಸಾವ್ಕಾರರು ಒಳಗೊಳಗೇ ಖುಷಿಪಟ್ಟಿರಲೂ ಸಾಕು. ಅವರು ಎಂದೂ ಆ ಚೀಟಿ ಓದಿದವರಲ್ಲ. ಮೊದಲೆಲ್ಲ ಅವರಿಗೆ ಅಂಕಿ ಗೊತ್ತಾಗುತ್ತಿದ್ದದ್ದು ಇವಳ ಬಾಯಿಂದ.

ಅಂಗಡಿಯ ದೊಡ್ಡ ಗಿರಾಕಿ ಇಚಲಕರಂಜಿಯ ಒಂದು ಮಸಾಲೆ ಕಂಪನಿ. ಅವರ ಷರತ್ತು ಎರಡೇ: ಬಣ್ಣದ ಅಂಕಿ ನೂರಿಪ್ಪತ್ತಕ್ಕೆ ಕಡಿಮೆ ಇರಬಾರದು, ಕಣ್ಣಿಗೆ ಮಾದರಿಯ ಛಾಯೆಯೇ ಇರಬೇಕು. ಎರಡೂ ಯಾಕೆ ಅಂದರೆ, ಅಂಕಿ ಪುಡಿಯ ಒಳಗಿನ ಬಣ್ಣದ ಮಾತು, ಛಾಯೆ ಹೊರಗಿನ ಬಣ್ಣದ ಮಾತು. ಒಂದೇ ಕಾಯಿಯನ್ನು ನುಣ್ಣಗೆ ಬೀಸಿದರೆ ತಿಳಿಯಾಗಿ ಕಾಣುತ್ತದೆ, ದಪ್ಪಗೆ ಬೀಸಿದರೆ ಗಾಢವಾಗಿ ಕಾಣುತ್ತದೆ, ಒಳಗಿನ ಬಣ್ಣ ಮಾತ್ರ ಅಷ್ಟೇ. ಬೀಜ ಹೆಚ್ಚು ಸೇರಿದರೆ ಅಂಕಿಯೂ ಇಳಿಯುತ್ತದೆ, ಛಾಯೆಯೂ ತಿಳಿಯಾಗುತ್ತದೆ. ಹೋದ ಸುಗ್ಗಿಯಲ್ಲಿ ಎರಡೂ ಕಡೆಯವರು ಕೂತು ಒಂದು ಪುಡಿ ಒಪ್ಪಿ, ಅದನ್ನೇ ಮಾದರಿ ಅಂತ ಮಾಡಿ, ಅರ್ಧ ಅವರು ಒಯ್ದರು, ಅರ್ಧ ಇಲ್ಲಿ ಉಳಿಯಿತು. ಆಗ ಅದರ ಅಂಕಿ ನೂರಾ ಮೂವತ್ತು.

ಕಾಯಿ ಸಾವ್ಕಾರರದು, ಬೀಸುವುದು ರಾಜೇಸಾಬನ ಮಿಲ್ಲಿನಲ್ಲಿ. ಖಾರ ಕುಟ್ಟುವ ಐದು ಯಂತ್ರಗಳ ಸಣ್ಣ ಮಿಲ್ಲು, ಮುಕ್ಕಾಲು ಪಾಲು ಕೆಲಸ ಈ ಒಂದೇ ಅಂಗಡಿಯದು. ಒಂದೊಂದು ಲಾಟು, ಅಂದರೆ ಒಂದು ಸಲದ ಮಾಲು, ಬೀಸಿದ ಮೇಲೆ ರಾಜೇಸಾಬ ಒಂದು ಪೊಟ್ಟಣ ತರುತ್ತಿದ್ದ. ಸಾವ್ಕಾರರು ಉತ್ತರದ ಕಿಟಕಿಯ ಬೆಳಕಿನಲ್ಲಿ ಬಿಳಿ ಹಾಳೆ ಹಾಸಿ, ಮಾದರಿಯ ಒಂದು ಚಿಟಿಕೆ, ಲಾಟಿನ ಒಂದು ಚಿಟಿಕೆ ಪಕ್ಕಪಕ್ಕ ಇಟ್ಟು, ಗಾಜಿನ ಪಟ್ಟಿಯಿಂದ ಒತ್ತಿ, ಎರಡರ ನಡುವಿನ ಗೆರೆ ಕಾಣುತ್ತದೋ ಇಲ್ಲವೋ ನೋಡುತ್ತಿದ್ದರು. ಗೆರೆ ಕಾಣದಿದ್ದರೆ ಲಾಟು ಪಾಸು.

ದೀಪಾವಳಿಯ ನಂತರದ ಮೊದಲ ಲಾಟಿಗೇ ಗೆರೆ ಕಂಡಿತು. ಕಪ್ಪಿಗೈತಿ, ಸ್ವಲ್ಪ ತಿಳಿ ಮಾಡು ಅಂದರು. ಹೆಂಗ ಮಾಡ್ಲಿ ಅಂತ ರಾಜೇಸಾಬ ಅಂದದ್ದಕ್ಕೆ, ಬೀಜ ಸ್ವಲ್ಪ ಸೇರಸೋ ಮಾರಾಯಾ, ನಾನೇ ಎಲ್ಲಾ ಹೇಳಬೇಕೇನು ಅಂದರು. ಅವನು ಬೀಜ ಸೇರಿಸಿದ. ಮುಂದಿನ ಲಾಟಿಗೂ ಅದೇ ಮಾತು, ಅದರ ಮುಂದಿನದಕ್ಕೂ ಅದೇ ಮಾತು. ಸುಮಂಗಲಾಳ ಚೀಟಿಗಳು ನೂರಿಪ್ಪತ್ತೆಂಟು, ನೂರಿಪ್ಪತ್ತೊಂದು, ನೂರಾ ಹನ್ನೆರಡು, ನೂರಾ ಮೂರು ಅಂತ ಒಂದರ ಮೇಲೊಂದು ಮೊಳೆಗೆ ಬೀಳುತ್ತ ಹೋದವು. ಬರೆದದ್ದು ಅವಳ ಕೈ. ಅವಳು ಎಲ್ಲಿದ್ದಳೋ ದೇವರಿಗೇ ಗೊತ್ತು.

ನೂರಾ ಹನ್ನೆರಡರ ಲಾಟು ಹೇಗೋ ದಾಟಿತ್ತು, ಹೋಳಿ ಹುಣ್ಣಿಮೆಯ ಹೊತ್ತಿಗೆ ಕಂಪನಿ ಕೊನೆಯ ಲಾಟನ್ನು ವಾಪಸು ಕಳಿಸಿತು. ಅಂಕಿಯೂ ಇಲ್ಲ, ಛಾಯೆಯೂ ಇಲ್ಲ, ನಮ್ಮ ಹತ್ತಿರವಿರುವ ಮಾದರಿಗೆ ಇದು ಪಕ್ಕದ ಊರಿನ ನೆಂಟನೂ ಅಲ್ಲ ಅಂತ ಫೋನಿನಲ್ಲಿ ಅವರ ಮನುಷ್ಯ ಹೇಳಿದನಂತೆ. ಸಾವ್ಕಾರರು ಪೇಟೆಯಲ್ಲಿ ಅಷ್ಟು ಮಾತು ಕೇಳಿದವರೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಾಜೇಸಾಬನನ್ನು ಕರೆಸಿ, ಹಮಾಲರೆಲ್ಲ ಕೇಳುವ ಹಾಗೆ, ನಮ್ಮ ಕಾಯಿ ಕದ್ದು ಬೀಜ ತುಂಬಿದೀ ಅಂದರು. ನೀವ ಹೇಳಿದ್ರಲ್ಲರೀ ಅಂದ ಅವನು. ಸ್ವಲ್ಪ ಅಂದಿದ್ದೆ, ಚೀಲಗಟ್ಟಲೆ ಅಂದಿದ್ನೇನು ಅಂದರು ಇವರು. ನಾಳೆ ಬೆಳಿಗ್ಗೆ ಬಂದು ಲೆಕ್ಕ ಮುಗಿಸಿಕೊಂಡು ಹೋಗು, ಇನ್ನು ಈ ಅಂಗಡಿಯ ಒಂದು ಕಾಯಿಯೂ ನಿನ್ನ ಮಿಲ್ಲಿಗೆ ಬರುವುದಿಲ್ಲ ಅಂದುಬಿಟ್ಟರು. ಈ ಅಂಗಡಿಯವರೇ ಕಳ್ಳ ಅಂದ ಮೇಲೆ ಅವನಿಗೆ ಬ್ಯಾಡಗಿಯಲ್ಲಿ ಬೇರೆ ಯಾರೂ ಕಾಯಿ ಕೊಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಸಾವ್ಕಾರರು ಸುಮಂಗಲಾಳಿಗೆ, ವಾಪಸು ಬಂದ ಲಾಟನ್ನು ಇನ್ನೊಮ್ಮೆ ಅಳೆದು ಕಂಪನಿಗೆ ಕಾಗದ ಬರಿ, ತಪ್ಪು ಮಿಲ್ಲಿನದು ಅಂತ ಹಾಕು ಅಂದರು. ಆಗಲಿ ಅಂದಳು. ಯಾವುದಕ್ಕೆ ಬೇಕಾದರೂ ಆಗಲಿ ಅನ್ನುತ್ತಿದ್ದಳು ಆಗ.

ಎರಡು ಪುಡಿ ಪಕ್ಕಪಕ್ಕ ಅಳೆಯುವುದು ಅವಳ ಹಳೆಯ ರೂಢಿ. ಮಾದರಿಗೆ ಅಂತ ಫ್ರಿಜ್ಜು ತೆಗೆದಳು. ಕಪ್ಪು ಕಾಗದ ಸುತ್ತಿದ ಬಾಟಲಿ ಇರುವ ಜಾಗ ಖಾಲಿ. ಕಾಗದ ಮಾತ್ರ ಮಡಿಸಿ ಇಟ್ಟಿತ್ತು. ಬಾಟಲಿ ಎಲ್ಲಿದೆಯೆಂದು ಅವಳಿಗೆ ಗೊತ್ತೇ ಇತ್ತು. ಐದು ತಿಂಗಳಿಂದ ದಿನಾ ನೋಡುತ್ತಿದ್ದಳು. ಗಾದಿಯ ಹಿಂದಿನ ಗೋಡೆಯ ದೇವರ ಮಾಡದಲ್ಲಿ, ಲಕ್ಷ್ಮಿಯ ಪಟದ ಮುಂದೆ, ಹಗಲೂ ರಾತ್ರಿ ಉರಿಯುವ ಫೋಕಸ್ ಬಲ್ಬಿನ ಕೆಳಗೆ.

ದೀಪಾವಳಿಯ ಲಕ್ಷ್ಮೀ ಪೂಜೆಗೆ ವರ್ಷದ ಒಳ್ಳೆಯ ಪುಡಿಯನ್ನು ಲಕ್ಷ್ಮಿಯ ಮುಂದೆ ಇಡುವುದು ಈ ಅಂಗಡಿಯ ಪದ್ಧತಿ. ಪ್ರತಿ ವರ್ಷ ಬೆಳ್ಳಿಯ ಬಟ್ಟಲು ತುಂಬುವವಳು ಸುಮಂಗಲಾ. ಈ ಸಲ ಮುತ್ತೈದೆಯಲ್ಲ ಅಂತ ಅವಳನ್ನು ಕರೆಯಲಿಲ್ಲ. ಸಾವ್ಕಾರರೇ ಕೋಣೆಗೆ ಬಂದು ಫ್ರಿಜ್ಜು ತೆಗೆದು, ಇಷ್ಟು ಜೋಪಾನವಾಗಿ ಸುತ್ತಿಟ್ಟದ್ದು ಅಂದರೆ ಇದೇ ಒಳ್ಳೆಯದಿರಬೇಕು ಅಂತ ಬಾಟಲಿ ಒಯ್ದಿದ್ದರು. ಮಾದರಿ ಅಂತ ಆಮೇಲೆ ತಿಳಿದರೂ, ಲಕ್ಷ್ಮಿಯ ಕಡೆಯಿಂದ ಬಂದ ಮಾದರಿ ಇನ್ನೂ ಶ್ರೇಷ್ಠ ಅಂತ ಅಲ್ಲೇ ಬಿಟ್ಟರು. ನೋಡಬೇಕಾದಾಗ ತಾವೇ ಒಂದು ಚಿಟಿಕೆ ತೆಗೆದುಕೊಂಡು, ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ವಾಪಸು ಇಡುತ್ತಿದ್ದರು. ವಿಧವೆ ಮಾಡ ಮುಟ್ಟಬಾರದು, ಅವಳು ಮುಟ್ಟಲಿಲ್ಲ.

ಆ ಸಂಜೆ ಸಾವ್ಕಾರರು ಮನೆಗೆ ಹೋದ ಮೇಲೆ ಮುಟ್ಟಿದಳು. ಬಾಟಲಿ ಬೆಚ್ಚಗಿತ್ತು. ಅದರ ಪುಡಿಯನ್ನೂ ವಾಪಸು ಬಂದ ಲಾಟನ್ನೂ ತೂಗಿ, ಎರಡೂ ಬುಡ್ಡಿ ಕಪಾಟಿನಲ್ಲಿಟ್ಟು ಮನೆಗೆ ಹೋಗಿ, ಅತ್ತೆ ಬಡಿಸಿದ ರೊಟ್ಟಿ ತಿಂದು ಮಲಗಿದಳು. ನಿದ್ದೆಯೂ ಬಂತು. ಎಂಥ ಹೆಣ್ಣಪ್ಪಾ ಇವಳು ಅಂತ ಯಾರಾದರೂ ಅನ್ನಬಹುದು. ಅನ್ನಲಿ.

ಬೆಳಿಗ್ಗೆ ಲಾಟಿನ ಅಂಕಿ ನೂರಾ ಎರಡು. ಮಾದರಿಯದು ಎಂಬತ್ತೇಳು. ನೂರಾ ಮೂವತ್ತಿದ್ದ ಪುಡಿ ದೇವರ ಮುಂದೆ ಕೂತು ಕೂತು ಬಿಸಿಗೆ, ಬೆಳಕಿಗೆ ಬಣ್ಣ ಕಳೆದುಕೊಂಡಿತ್ತು. ಅದು ಮಾಸಿದಷ್ಟೂ ಹೊಸ ಲಾಟು ಕಪ್ಪಾಗಿ ಕಂಡಿತ್ತು, ಕಪ್ಪಾಗಿ ಕಂಡಷ್ಟೂ ಬೀಜ ಬಿದ್ದಿತ್ತು. ಕಣ್ಣು ಪಕ್ಕಪಕ್ಕ ಇಟ್ಟ ಎರಡನ್ನು ಮಾತ್ರ ನೋಡುತ್ತದೆ, ಹೋದ ತಿಂಗಳಿನದನ್ನು ನೋಡುವುದಿಲ್ಲ.

ಸಾವ್ಕಾರರು ಬಂದ ಕೂಡಲೇ ಹೇಳಿದಳು. ಅವರು ಮೊದಲು ಮಷೀನು ಕೆಟ್ಟಿದೆ ಅಂದರು. ಮಷೀನಿನ ಜೊತೆ ಬಂದ ಬಣ್ಣದ ಗಾಜು ಇಟ್ಟು, ಅಂಕಿ ಸರಿ ಇದೆ ಅಂತ ತೋರಿಸಿದಳು. ಆಮೇಲೆ ಬಾಟಲಿಯನ್ನು ಕಿಟಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು. ಗಾದಿಯ ಮೇಲೆ ಕೂತರು. ಆಮೇಲೆ ಮೆತ್ತಗೆ ಮಾತು ತೆಗೆದರು.

"ತಂಗೀ, ಇದು ನಮ್ಮಿಬ್ಬರೊಳಗ ಇರಲಿ. ಮಿಲ್ಲಿನಾಂವ ತಪ್ಪ ಮಾಡಿದಾ ಅಂದ್ರ ಕಂಪನ್ಯಾರು ಮರೀತಾರ. ಗುರುಪಾದಪ್ಪನ ಕಣ್ಣ ಹೋಗೇತಿ ಅಂದ್ರ ಮರಿಯಂಗಿಲ್ಲ. ನೀ ಇಷ್ಟ ದಿನಾ ಹ್ಯಾಂಗ ಸುಮ್ಮನಿದ್ದಿ, ಹಂಗ ಇನ್ನೊಂದಿಷ್ಟ ಸುಮ್ಮನಿರು. ಯಾರ್ ಏನಂತಾರ ನಿನಗ?"

ಆಗಲಿ ಅನ್ನಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಇಷ್ಟು ದಿನ ಸುಮ್ಮನಿದ್ದದ್ದು ತನ್ನ ದುಃಖ ಅಂದುಕೊಂಡಿದ್ದಳು. ಅದು ಇವರಿಗೆ ಅನುಕೂಲವಾಗಿತ್ತು ಅನ್ನುವುದು ಈಗ ಗೊತ್ತಾಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆದರೆ ಕೈ ಬಾಟಲಿಯನ್ನೂ ಲಾಟಿನ ಪೊಟ್ಟಣವನ್ನೂ ಎತ್ತಿಕೊಂಡಿತು, ಕಾಲುಗಳು ತಾವೇ ಅಂಗಳಕ್ಕೆ ನಡೆದವು.

ರಾಜೇಸಾಬ ಅಂಗಳದಲ್ಲಿ ತೂಕದ ಕಟ್ಟೆಯ ಹತ್ತಿರ ನಿಂತಿದ್ದ. ಸಾವ್ಕಾರರ ಖಾಲಿ ಚೀಲಗಳನ್ನು ಮಡಿಸಿ ಕಟ್ಟಿ ತಂದಿದ್ದ, ಒಂದೂ ಕಡಿಮೆಯಾಗದ ಹಾಗೆ. ತುಂಬು, ಅಂದರೆ ಕಾಯಿಯ ತೊಟ್ಟು, ಮುರಿಯುವ ಹೆಂಗಸರು ರಾಶಿಯ ಸುತ್ತ ಕೂತಿದ್ದರು. ಸುಮಂಗಲಾ ಅವರೆಲ್ಲರ ನಡುವೆ ನಿಂತು, ಬಿಳಿ ಹಾಳೆ ಹಾಸಿ, ಬಾಟಲಿಯ ಪುಡಿಯನ್ನೂ ಲಾಟಿನ ಪುಡಿಯನ್ನೂ ಒತ್ತಿ ತೋರಿಸಿ, ದೊಡ್ಡ ದನಿ ಮಾಡದೆ ಎಲ್ಲವನ್ನೂ ಹೇಳಿದಳು. ಮಾದರಿ ಮಾಡದಲ್ಲಿ ಮಾಸಿತು, ರಾಜೇಸಾಬ ಹೇಳಿದ್ದಷ್ಟೇ ಮಾಡಿದ್ದಾನೆ, ಒಂದು ಕಾಯಿ ಕದ್ದಿಲ್ಲ, ಕಂಪನಿಯವರ ಹತ್ತಿರವಿರುವ ಇನ್ನರ್ಧ ತರಿಸಿ ನೋಡಬಹುದು ಅಂದಳು. ಹೆಂಗಸರ ಕೈ ನಿಂತವು. ಸಾವ್ಕಾರರು ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡರು. ಇಷ್ಟು ಜನ ಕೇಳಿದ ಮೇಲೆ ಇನ್ನೇನು ಮುಚ್ಚಿಡುವುದು? ಒಳಗೆ ಹೋಗಿ ಇಚಲಕರಂಜಿಗೆ ಫೋನು ಹಚ್ಚಿದರು. ತಪ್ಪು ನಮ್ಮ ಅಂಗಡಿಯದು ಅಂದದ್ದು ಹೊರಗೂ ಕೇಳಿಸಿತು.

ರಾಜೇಸಾಬ ಹಾಳೆಯನ್ನು ನೋಡುತ್ತಲೇ ಇದ್ದ. ಸಮಾಧಾನವಾಯಿತು ಅನ್ನುವಂತೆ ಒಮ್ಮೆ ಉಸಿರು ಬಿಟ್ಟ. ಆಮೇಲೆ ಕೇಳಿದ.

"ಅಂಕಿ ಇಳಕೋಂತ ಬಂದಿದ್ದು ನಿಮಗ ಮೊದಲ ಕಂಡಿತ್ತಲ್ಲ, ಅಕ್ಕಾರ?"

"ಕಂಡಿತ್ತು."

"ಒಂದ ಮಾತ ಹೇಳಿದ್ರ ಆಗತಿತ್ತು. ಮೊದಲೆಲ್ಲಾ ಹೇಳ್ತಿದ್ರಿ."

"ನನಗೇನೂ ಅನಸಲಿಲ್ಲ, ರಾಜೇಸಾಬಣ್ಣ. ಬರದೆ, ಚುಚ್ಚಿದೆ. ಮನಸ್ಸಿಗೆ ಏನೂ ಅನಸಲಿಲ್ಲ."

ಅವನು ತಲೆಯಾಡಿಸಿದ. ಅವಳ ಗಂಡ ಸತ್ತ ದಿನ ಮಿಲ್ಲು ಮುಚ್ಚಿ ಬಂದು, ಸ್ಮಶಾನದ ತನಕ ಹೆಗಲು ಕೊಟ್ಟವನು ಅವನು. ಅದನ್ನು ಎತ್ತಿ ಆಡಲಿಲ್ಲ. ಅವಳಿಗೆ ಮಾತ್ರ ಅದು ಈಗ ನೆನಪಾಯಿತು.

"ನಂಬತೀನ್ರೀ," ಅಂದ. "ನಿನ್ನೆ ರಾತ್ರಿ ನಮ್ಮ ಹುಡುಗಿ ಕೇಳಿದ್ಲು, ಅಬ್ಬಾ, ನೀ ಕದ್ದೀಯೇನು ಅಂತ. ಪ್ಯಾಟಿ ತುಂಬ ಮಾತಾಗಿತ್ತಲ್ಲ. ನಿಮಗೇನೂ ಅನಸಲಿಲ್ಲ, ಖರೆ. ನನಗ ಅನಸ್ತು."

ಚೀಲದ ಕಟ್ಟನ್ನು ಕಟ್ಟೆಯ ಮೇಲಿಟ್ಟ. ಮುಂದಿನ ಲಾಟು ಯಾವಾಗ ಕಳಿಸುತ್ತೀರಿ ಅಂತ ಸಾವ್ಕಾರರನ್ನು ಕೇಳಲು ಒಳಗೆ ಹೋದ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಹೆಂಗಸರು ಮತ್ತೆ ತುಂಬು ಮುರಿಯತೊಡಗಿದರು. ಸುಮಂಗಲಾ ಹಾಳೆ ಹಿಡಿದು ಅಲ್ಲೇ ನಿಂತಿದ್ದಳು. ಒಂದು ಮಾತು ಆಡಬೇಕು ಅನಿಸಿತು, ಯಾವ ಮಾತೂ ಸಿಗಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ ಸುಮ್ಮನಿರುವುದು ಅವಳಿಗೆ ನೋಯುತ್ತಿತ್ತು.